ಕೊಪಣಕ್ಕೆ ಒತ್ತು ಬೇಡ: ಕಂದಪದ್ಯಕ್ಕೆ ಪ್ರಸ್ತಾರ ಹಾಕುವ ಬಗೆ

ಕೊಪ್ಪಳದಲ್ಲಿ ಯಾವ ಕನ್ನಡ ಸಮಾರಂಭ ನಡೆದರೂ ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಒಂದು ಹಳೆಯ ಪದ್ಯ ಇರಬೇಕೆಂದು ಆಸೆಪಡುವವರು ಇದ್ದೇ ಇರುತ್ತಾರೆ. ನಮ್ಮ ಊರಿನ ಹೆಸರು ಅದರೊಳಗೆ ಇದೆಯಲ್ಲ, ಅದಕ್ಕೆ. ಒಮ್ಮೆ ಹಾಗೆ ಅಚ್ಚಿಗೆ ಹೋಗಲಿದ್ದ ಫ್ಲೆಕ್ಸಿನ ಕರಡನ್ನು ತಿದ್ದಿಕೊಡಲು ಸಂಘಟಕರು ನನ್ನನ್ನು ಕರೆದರು. ಡಿಟಿಪಿ ಅಂಗಡಿಯ ಪರದೆಯ ಮೇಲೆ ಪದ್ಯ ಹೀಗಿತ್ತು:

ಅದರೊಳಗಂ ಕಿಸುವೋಳಲಾ
ವಿದಿತ ಮಹಾ ಕೊಪ್ಪಣ ನಗರದಾ ಪುಲಿಗೆರೆಯಾ
ಸದಭಿಸ್ತುತಮಪ್ಪ ಒಂಕುಂ
ದದ ನಡುವಣ ನಾಡೆ ಕನ್ನಡದ ತಿರುಳ್

ಓದಿದ ಕೂಡಲೇ ನಾಲ್ಕೂ ಸಾಲುಗಳಲ್ಲಿ ನಾಲಿಗೆ ಎಡವಿತು. "ತಮ್ಮಾ, ಇದನ್ನು ಎಲ್ಲಿಂದ ತೆಗೆದುಕೊಂಡೆ?" ಎಂದು ಕೇಳಿದೆ. "ಮೊಬೈಲಿಗೆ ಬಂದಿತ್ತು ಸರ್. ಅದರಲ್ಲಿ ಊರಿನ ಹೆಸರಿನ ಒತ್ತೇ ಬಿಟ್ಟುಹೋಗಿತ್ತು, ನಾನೇ ಸೇರಿಸಿದೆ. ನಾಡೆ ಎನ್ನುವುದು ಎರಡು ಸಲ ಟೈಪ್ ಆಗಿತ್ತು, ಒಂದನ್ನು ತೆಗೆದೆ" ಎಂದ. ಪಾಪ, ಅವನು ತಿದ್ದಿದ್ದ! ಮೂಲ ಪುಸ್ತಕ ಅಲ್ಲಿ ನಮ್ಮ ಕೈಯಲ್ಲಿ ಇರಲಿಲ್ಲ. ಆದರೂ ಹತ್ತು ನಿಮಿಷದಲ್ಲಿ ನಾಲ್ಕೂ ತಪ್ಪುಗಳನ್ನು ಹಿಡಿದೆವು. ಹಿಡಿದದ್ದು ಲಘು ಗುರು ಎಣಿಸಿ, ಅಂದರೆ ಪ್ರಸ್ತಾರ ಹಾಕಿ. ಆ ಹತ್ತು ನಿಮಿಷದ ಕೆಲಸವನ್ನೇ ಇಲ್ಲಿ ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ಪೆನ್ಸಿಲ್ ಮತ್ತು ಸಾಲುಗಳ ನಡುವೆ ಸಾಕಷ್ಟು ಜಾಗ ಬಿಟ್ಟು ಬರೆಯಲು ಒಂದು ಹಾಳೆ ಇದ್ದರೆ ಸಾಕು.

ಸರಿಯಾದ ಪದ್ಯ ಇದು:

ಅದರೊಳಗಂ ಕಿಸುವೊಳಲಾ
ವಿದಿತಮಹಾಕೊಪಣನಗರದಾ ಪುಲಿಗೆರೆಯಾ
ಸದಭಿಸ್ತುತಮಪ್ಪೊಂಕುಂ
ದದ ನಡುವಣ ನಾಡೆ ನಾಡೆ ಕನ್ನಡದ ತಿರುಳ್

ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗದ ಕಂದಪದ್ಯ. ಕಿಸುವೊಳಲ್ ಎಂದರೆ ಇಂದಿನ ಪಟ್ಟದಕಲ್ಲು, ಕೊಪಣ ನಮ್ಮ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿ ಸೀಮೆಯ ಒಕ್ಕುಂದ. ಈ ನಾಲ್ಕರ ನಡುವಿನ ನಾಡೇ ಕನ್ನಡದ ತಿರುಳು ಎನ್ನುವುದು ಪದ್ಯದ ಮಾತು.

ಮೊದಲು ಅಕ್ಷರ ಬಿಡಿಸಿ

ಪ್ರಸ್ತಾರ ಹಾಕುವವರು ಮೊದಲು ಮಾಡಬೇಕಾದದ್ದು ಪದಗಳನ್ನು ಮರೆಯುವುದು. ಪದಗಳ ನಡುವಿನ ಖಾಲಿ ಜಾಗ ಮುದ್ರಕರು ಕೊಟ್ಟದ್ದು, ಛಂದಸ್ಸಿಗೆ ಅದು ಕಾಣುವುದಿಲ್ಲ. ಸಾಲನ್ನು ಎಡದಿಂದ ಬಲಕ್ಕೆ ಅಕ್ಷರ ಅಕ್ಷರವಾಗಿ ಬಿಡಿಸಿ ಬರೆಯಿರಿ. ಇಲ್ಲಿ ಅಕ್ಷರ ಎಂದರೆ ಒಂದು ಸ್ವರ ಮತ್ತು ಅದಕ್ಕೆ ಅಂಟಿಕೊಂಡ ವ್ಯಂಜನ. ಸ್ವರವಿಲ್ಲದ ಅರ್ಧಾಕ್ಷರಕ್ಕೆ ಸ್ವಂತ ಮನೆ ಇಲ್ಲ, ಹಿಂದಿನ ಅಕ್ಷರದ ಮನೆಯಲ್ಲೇ ಅದರ ವಾಸ. ಹಾಗಾಗಿ ತಿರುಳ್ ಎನ್ನುವುದರಲ್ಲಿ ಅಕ್ಷರ ಎರಡೇ: ತಿ, ರುಳ್. ತರಗತಿಯಲ್ಲಿ ಇದನ್ನು ಮೂರು ಎಂದು ಎಣಿಸುವವರೇ ಹೆಚ್ಚು. ಪರದೆಯ ಮೇಲೆ ಮೂರು ಆಕೃತಿಗಳು ಕಾಣುತ್ತವೆ, ಕಿವಿಗೆ ಕೇಳಿಸುವುದು ಎರಡು.

ಎರಡನೆಯ ಸಾಲು ಬಿಡಿಸಿದರೆ ಹೀಗೆ:

ವಿ ದಿ ತ ಮ ಹಾ ಕೊ ಪ ಣ ನ ಗ ರ ದಾ ಪು ಲಿ ಗೆ ರೆ ಯಾ

ಗುರು ಯಾವುದು, ಯಾಕೆ

ಎಳೆಯದೆ ಉಚ್ಚರಿಸುವ ಒಂದು ಹ್ರಸ್ವಾಕ್ಷರಕ್ಕೆ ಹಿಡಿಯುವ ಕಾಲ ಒಂದು ಮಾತ್ರೆ. ಅದು ಲಘು, ಗುರುತು ∪. ಅದರ ಎರಡರಷ್ಟು ಕಾಲ ಹಿಡಿಯುವುದು ಗುರು, ಗುರುತು –. ಎಲ್ಲವನ್ನೂ ಲಘು ಎಂದುಕೊಂಡು ಹೊರಡಿ, ಕಾರಣ ಸಿಕ್ಕಲ್ಲಿ ಮಾತ್ರ ಗುರು ಹಾಕಿ. ಗುರುವಾಗಲು ಕಾರಣಗಳು ಹೆಚ್ಚೇನೂ ಇಲ್ಲ. ಅಕ್ಷರ ದೀರ್ಘವಾಗಿರಬೇಕು (ಐ, ಔ ಕೂಡ ದೀರ್ಘದ ಲೆಕ್ಕಕ್ಕೇ ಸೇರುತ್ತವೆ). ಇಲ್ಲವೇ ಅದಕ್ಕೆ ಸೊನ್ನೆಯೋ ವಿಸರ್ಗವೋ ಹತ್ತಿರಬೇಕು. ಇಲ್ಲವೇ ಅದರ ಮುಂದೆ ಒತ್ತಕ್ಷರವೋ ಅರ್ಧಾಕ್ಷರವೋ ಬಂದಿರಬೇಕು.

ಈ ಕೊನೆಯ ಕಾರಣದಲ್ಲೇ ಹೆಚ್ಚಿನವರು ಮುಗ್ಗರಿಸುತ್ತಾರೆ. ಗುರುವಾಗುವುದು ಒತ್ತು ಹೊತ್ತ ಅಕ್ಷರವಲ್ಲ, ಅದರ ಹಿಂದಿನದು. ಕನ್ನಡ ಎಂಬ ಪದವನ್ನೇ ತೆಗೆದುಕೊಳ್ಳಿ. ಒತ್ತು ಇರುವುದು ನ್ನ ಅಕ್ಷರಕ್ಕೆ, ಗುರುವಾಗುವುದು ಕ. ಬಾಯಿಯಲ್ಲಿ ಹೇಳಿ ನೋಡಿ: ಕನ್ ಎಂದು ನಾಲಿಗೆ ನಿಲ್ಲುತ್ತದೆ, ಆಮೇಲೆ ನ, ಡ ಎಂದು ಹಗುರವಾಗಿ ಸರಿಯುತ್ತದೆ. ಆ ನಿಲ್ಲುವ ಹೊತ್ತೇ ಎರಡನೆಯ ಮಾತ್ರೆ. ಹೀಗಾಗಿ ಕನ್ನಡ ಎಂದರೆ – ∪ ∪, ನಾಲ್ಕು ಮಾತ್ರೆ.

ಅರ್ಕಾವತ್ತು ಬಂದಾಗ ಕಣ್ಣು ಇನ್ನಷ್ಟು ಮೋಸಹೋಗುತ್ತದೆ. ಇರ್ದ ಎಂದು ಬರೆಯುವಾಗ ರಕಾರದ ಗುರುತು ದಕಾರದ ಬಲಕ್ಕೆ ಹೋಗಿ ಕೂರುತ್ತದೆ, ಆದರೆ ಅದರ ಸದ್ದು ದಕಾರಕ್ಕಿಂತ ಮೊದಲು. ಗುರು ಇ. ಇದಕ್ಕೆ ತದ್ವಿರುದ್ಧವಾದ ಮೋಸ ಕೃ, ಮೃ ಮುಂತಾದವುಗಳದು. ಕೆಳಗೆ ಇಳಿಬಿದ್ದ ಗುರುತು ಒತ್ತಿನಂತೆಯೇ ಕಾಣುತ್ತದೆ, ಆದರೆ ಅದು ಋ ಸ್ವರದ ಚಿಹ್ನೆ. ಅಮೃತ ಎಂಬುದರಲ್ಲಿ ಮೂರೂ ಲಘು, ಅಕಾರವನ್ನು ಗುರು ಮಾಡುವ ಯಾವ ಒತ್ತೂ ಅಲ್ಲಿ ಇಲ್ಲ.

ಈಗ ಮೂರನೆಯ ಸಾಲನ್ನು ಹಿಡಿಯೋಣ, ಒತ್ತಿನ ಗುರುಗಳೂ ಸೊನ್ನೆಯ ಗುರುಗಳೂ ಅಲ್ಲಿಯೇ ಇಕ್ಕಟ್ಟಾಗಿ ಕುಳಿತಿವೆ:

ಸ ದ ಭಿ ಸ್ತು ತ ಮ ಪ್ಪೊಂ ಕುಂ
∪ ∪ – ∪ ∪ – – –

ಸ, ದ ಲಘು. ಭಿ ಹ್ರಸ್ವವೇ, ಆದರೆ ಮುಂದೆ ಸ್ತು ಇದೆ, ಆದ್ದರಿಂದ ಗುರು. ಸ್ತು ತಾನು ಒತ್ತಕ್ಷರವಾದರೂ ಅದರ ಮುಂದೆ ಬರಿಯ ತ ಇದೆ, ಆದ್ದರಿಂದ ಲಘು. ತ ಲಘು. ಮ ಗುರು, ಯಾಕೆಂದರೆ ಮುಂದೆ ಪ್ಪೊ ಇದೆ. ಪ್ಪೊಂ ಕೂಡ ಗುರುವೇ, ಆದರೆ ಅದರ ಒತ್ತಿಗೂ ಅದರ ಗುರುತ್ವಕ್ಕೂ ಸಂಬಂಧ ಇಲ್ಲ. ಅದನ್ನು ಗುರು ಮಾಡಿದ್ದು ಸೊನ್ನೆ. ಒತ್ತು ಹಿಂದಿನ ಮಕಾರಕ್ಕೆ ಖರ್ಚಾಯಿತು, ಸೊನ್ನೆ ತನ್ನ ಅಕ್ಷರಕ್ಕೇ ಖರ್ಚಾಯಿತು. ಹೊಸಬರು ಪ್ರತಿ ಗುರುವಿನ ಕೆಳಗೂ ಕಾರಣವನ್ನು ಒಂದೊಂದು ಅಕ್ಷರದಲ್ಲಿ ಬರೆದುಕೊಳ್ಳಲಿ ಎನ್ನುತ್ತೇನೆ ನಾನು: ದೀರ್ಘಕ್ಕೆ ದೀ, ಸೊನ್ನೆಗೆ ಸೊ, ಒತ್ತಿಗೆ ಒ. ಕಾರಣ ಬರೆಯಲು ತಡವರಿಸಿದಿರಿ ಎಂದರೆ ಅದು ಗುರುವಲ್ಲ ಎಂದೇ ಅರ್ಥ.

ಕೂಡಿಸಿ, ಆಮೇಲೆ ಕತ್ತರಿಸಿ

ಲಘುವಿಗೆ 1, ಗುರುವಿಗೆ 2 ಹಾಕಿ ಸಾಲು ಸಾಲಾಗಿ ಕೂಡಿಸಿ. ಮೇಲಿನ ಮೂರನೆಯ ಸಾಲಿನಲ್ಲಿ ನಾಲ್ಕು ಲಘು, ನಾಲ್ಕು ಗುರು, ಒಟ್ಟು 12. ಕಂದಪದ್ಯದ ಅಳತೆಯೇ ಅದು: ಒಂದನೆಯ, ಮೂರನೆಯ ಸಾಲುಗಳಿಗೆ 12 ಮಾತ್ರೆ, ಎರಡನೆಯ, ನಾಲ್ಕನೆಯ ಸಾಲುಗಳಿಗೆ 20. ಎರಡು ಸಾಲು ಸೇರಿ 32, ಇಡೀ ಪದ್ಯ 64.

ಮೊತ್ತ ಸರಿ ಬಂದ ಮೇಲೆ ನಾಲ್ಕು ನಾಲ್ಕು ಮಾತ್ರೆಗೆ ಒಂದೊಂದು ಗೆರೆ ಎಳೆಯಿರಿ. ಪ್ರತಿ ತುಂಡೂ ಒಂದು ಗಣ. ಚಿಕ್ಕ ಸಾಲಿನಲ್ಲಿ ಮೂರು, ದೊಡ್ಡ ಸಾಲಿನಲ್ಲಿ ಐದು, ಅರ್ಧ ಪದ್ಯಕ್ಕೆ ಎಂಟು. ಸರಿಯಾದ ಪದ್ಯ ಹೀಗೆ ತುಂಡಾಗುತ್ತದೆ:

ಅದರೊಳ | ಗಂ ಕಿಸು | ವೊಳಲಾ
∪∪∪∪ | –∪∪ | ∪∪–

ವಿದಿತಮ | ಹಾಕೊಪ | ಣನಗರ | ದಾ ಪುಲಿ | ಗೆರೆಯಾ
∪∪∪∪ | –∪∪ | ∪∪∪∪ | –∪∪ | ∪∪–

ಸದಭಿ | ಸ್ತುತಮ | ಪ್ಪೊಂಕುಂ
∪∪– | ∪∪– | – –

ದದ ನಡು | ವಣ ನಾ | ಡೆ ನಾಡೆ | ಕನ್ನಡ | ದ ತಿರುಳ್
∪∪∪∪ | ∪∪– | ∪–∪ | –∪∪ | ∪∪–

ಗೆರೆ ಪದದ ನಡುವೆ ಬಿದ್ದರೆ ಗಾಬರಿಯಾಗಬೇಡಿ. ಕೊಪಣ ಎಂಬ ಪದವೇ ಇಲ್ಲಿ ಎರಡು ತುಂಡಾಗಿದೆ, ಒಂಕುಂದವಂತೂ ಸಾಲು ದಾಟಿ ಮುರಿದಿದೆ. ಕಂದದಲ್ಲಿ ಅದು ಸಹಜ. ಗೆರೆ ಎಲ್ಲಿಯೂ ಬೀಳಬಾರದ ಜಾಗ ಒಂದೇ, ಗುರುವಿನ ಹೊಟ್ಟೆ. ಮೂರು ಮಾತ್ರೆ ಆಗಿ ಇನ್ನೊಂದು ಬೇಕು ಎನ್ನುವಾಗ ಮುಂದಿನ ಅಕ್ಷರ ಗುರುವಾಗಿ ನಿಂತರೆ, ಏನೋ ಕೆಟ್ಟಿದೆ.

ನಾಲ್ಕು ಮಾತ್ರೆಯ ಗಣಕ್ಕೆ ಇರುವ ರೂಪ ಐದೇ ಐದು. ನಾಲ್ಕನ್ನು ಮೇಲಿನ ಪದ್ಯದ ಮೊದಲ ಅರ್ಧ ಮತ್ತು ಮೂರನೆಯ ಸಾಲಿನಲ್ಲಿ ನೋಡಿದಿರಿ. ಐದನೆಯದು ನಡುವೆ ಗುರು, ಅಕ್ಕಪಕ್ಕ ಲಘು ಇರುವ ∪–∪, ಅಂದರೆ ಜಗಣ. ಡೆ ನಾಡೆ ಎಂಬ ತುಂಡು ಅದು. ಈ ಜಗಣದ ಮೇಲೆ ಕಂದದ ಕಣ್ಣು ಯಾವಾಗಲೂ ಇರುತ್ತದೆ. ಅರ್ಧ ಪದ್ಯದ ಎಂಟು ಗಣಗಳಿಗೆ ಒಂದರಿಂದ ಎಂಟರವರೆಗೆ ಅಂಕಿ ಹಾಕಿದರೆ 1, 3, 5, 7ನೆಯ ಜಾಗದಲ್ಲಿ ಜಗಣ ಬರಕೂಡದು. ಆರನೆಯ ಜಾಗದಲ್ಲಿ ಮಾತ್ರ ಜಗಣವೋ ಇಲ್ಲವೇ ನಾಲ್ಕೂ ಲಘುವೋ ಬರಲೇಬೇಕು. ಎಂಟನೆಯ ಗಣ ಗುರುವಿನಲ್ಲಿ ಮುಗಿಯಬೇಕು. ನಮ್ಮ ಪದ್ಯದ ಮೊದಲ ಅರ್ಧದಲ್ಲಿ ಆರನೆಯದು ಣನಗರ, ನಾಲ್ಕೂ ಲಘು. ಎರಡನೆಯ ಅರ್ಧದಲ್ಲಿ ಡೆ ನಾಡೆ, ಜಗಣ. ಕವಿ ಒಂದೇ ಪದ್ಯದಲ್ಲಿ ಎರಡೂ ಬಗೆಯನ್ನು ತೋರಿಸಿಬಿಟ್ಟಿದ್ದಾನೆ, ಪಾಠ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಫ್ಲೆಕ್ಸಿಗೆ ಮರಳೋಣ

ಮೊದಲ ಸಾಲಿನ ಮೊತ್ತ 13 ಬಂತು. ಅದರೊಳ, ಗಂ ಕಿಸು ಎಂಬ ಎರಡು ಗಣಗಳು ಸುಸೂತ್ರ. ಉಳಿದ ವೋಳಲಾ ಐದು ಮಾತ್ರೆ. ಮೂರೇ ಅಕ್ಷರಗಳಲ್ಲಿ ತಪ್ಪು ಅಡಗಿದೆ ಎಂದಾಯಿತು. ಪೊಳಲ್ ಎಂದರೆ ಪಟ್ಟಣ, ಅದರ ಒಕಾರ ಹ್ರಸ್ವ. ಕಿಸು ಸೇರಿದಾಗ ಪಕಾರ ವಕಾರವಾಗುತ್ತದೆ, ಸ್ವರ ಹಾಗೆಯೇ ಉಳಿಯುತ್ತದೆ. ವೊ ಆಗಬೇಕಾದದ್ದು ವೋ ಆಗಿದೆ. ಒ ಮತ್ತು ಓ, ಎ ಮತ್ತು ಏ ಇವುಗಳ ನಡುವಿನ ವ್ಯತ್ಯಾಸ ಪರದೆಯ ಮೇಲೆ ಒಂದು ಸಣ್ಣ ಕೊಕ್ಕೆ ಅಷ್ಟೇ, ಹಳೆಯ ಪದ್ಯಗಳ ಟೈಪಿಂಗಿನಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದು.

ಎರಡನೆಯ ಸಾಲು ಇನ್ನೂ ರುಚಿಯಾಗಿದೆ. ಮೊತ್ತ 21. ಎಡದಿಂದ ಕತ್ತರಿಸುತ್ತಾ ಹೋದೆ:

ವಿದಿತಮ | ಹಾ ಕೊ | ಪ್ಪಣ ನಗ | ರದಾ ಪು | ಲಿಗೆರೆ ಯಾ
∪∪∪∪ | – – | ∪∪∪∪ | ∪–∪ | ∪∪∪ –

ಕೊ ಗುರುವಾಗಿದೆ, ಮುಂದೆ ಪ್ಪ ಇದೆಯಲ್ಲ. ಆದರೂ ಮೊದಲ ಮೂರು ತುಂಡುಗಳು ಚೊಕ್ಕವಾಗಿಯೇ ಕಾಣುತ್ತವೆ. ಗೆರೆ ಗುರುವಿನ ಹೊಟ್ಟೆಗೆ ಬೀಳುವುದು ಸಾಲಿನ ತೀರ ಕೊನೆಯಲ್ಲಿ, ಯಾ ಅಕ್ಷರದ ಮೇಲೆ. ತಪ್ಪು ಅಲ್ಲಿದೆ ಎಂದು ಪುಲಿಗೆರೆಯನ್ನು ತಿದ್ದಲು ಹೋದರೆ ಕೆಟ್ಟೆವು. ಹೆಚ್ಚಾದ ಒಂದು ಮಾತ್ರೆ ಮುಂದಿನ ಗಣಗಳನ್ನೆಲ್ಲ ಬಲಕ್ಕೆ ತಳ್ಳುತ್ತಾ ಬಂದು ಕೊನೆಗೆ ಕಾಣಿಸಿಕೊಂಡಿದೆ, ಅಷ್ಟೇ. ಮೇಲಿನ ಸಾಲಿನ ಮೂರು ಗಣ ಸೇರಿಸಿ ಎಣಿಸಿದರೆ ರದಾ ಪು ಏಳನೆಯ ಗಣ, ಅಲ್ಲಿ ಜಗಣ ಕೂತಿದೆ. ಬರಬಾರದ ಜಾಗ. ತಪ್ಪು ಅದಕ್ಕಿಂತ ಹಿಂದೆ ಎಲ್ಲೋ ಇದೆ.

ಇಲ್ಲಿ ಒಂದು ಉಪಾಯ ಮಾಡಬೇಕು. ಬಲದಿಂದ ಎಡಕ್ಕೆ ಕತ್ತರಿಸಬೇಕು. ಗೆರೆಯಾ ನಾಲ್ಕು, ದಾ ಪುಲಿ ನಾಲ್ಕು, ಣ ನಗರ ನಾಲ್ಕು. ಮುಂದೆ ಪ್ಪ ಒಂದು, ಕೊ ಎರಡು, ಒಟ್ಟು ಮೂರು, ಇನ್ನೊಂದು ಬೇಕು ಎನ್ನುವಾಗ ಹಾ ಗುರುವಾಗಿ ಅಡ್ಡ ನಿಂತಿತು. ಎಡದಿಂದ ಬಂದಾಗ ವಿದಿತಮ ಗಟ್ಟಿ, ಬಲದಿಂದ ಬಂದಾಗ ಣ ನಗರದವರೆಗೆ ಗಟ್ಟಿ. ಉಳಿದದ್ದು ಹಾ, ಕೊ, ಪ್ಪ. ಮೂರು ಅಕ್ಷರಕ್ಕೆ ಐದು ಮಾತ್ರೆ, ಇರಬೇಕಾದದ್ದು ನಾಲ್ಕು. ಮಹಾ ಎಂಬುದರ ದೀರ್ಘವನ್ನು ಕಿತ್ತುಹಾಕುವ ಹಾಗಿಲ್ಲ. ಕೊಪ್ಪಣದ ಒತ್ತು ಹೋಗಲೇಬೇಕು.

"ಸರ್, ಊರಿನ ಹೆಸರೇ ಕೊಪ್ಪಳ ಅಲ್ಲವೇ?" ಎಂದು ಆ ಹುಡುಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಇಂದು ಕೊಪ್ಪಳ ನಿಜ. ಆದರೆ ಈ ಪದ್ಯ ಬರೆದ ಕವಿ ಇಲ್ಲಿ ಕೊಪಣ ಎಂದು ಒತ್ತಿಲ್ಲದೆಯೇ ಹೇಳಿದ್ದಾನೆ ಎನ್ನುವುದಕ್ಕೆ ಈ ಮಾತ್ರೆಯ ಲೆಕ್ಕವೇ ಸಾಕ್ಷಿ. ಒತ್ತು ಹಾಕಿದರೆ ಸಾಲು ತುಂಬಿ ಚೆಲ್ಲುತ್ತದೆ.

ಮೂರನೆಯ ಸಾಲಿನ ತಪ್ಪು ಓದುಗರಿಗೆ ಅನುಕೂಲವಾಗಲಿ ಎಂದು ಸಂಧಿ ಬಿಡಿಸಿದವರದು. ಅಪ್ಪ ಒಂಕುಂದ ಎಂದು ಬಿಡಿಸಿದರೆ ಪ್ಪ ಒಂದು ಬೇರೆ ಅಕ್ಷರವಾಗಿ ಒಂದು ಮಾತ್ರೆ ಏರುತ್ತದೆ, ಮೊತ್ತ 13. ಅಪ್ಪ ಮತ್ತು ಒಂಕುಂದ ಕೂಡಿದಾಗ ಅಕಾರ ಲೋಪವಾಗಿ ಅಪ್ಪೊಂಕುಂದ ಆಗುತ್ತದೆ, ಆಗಲೇ 12. ಅರ್ಥಕ್ಕಾಗಿ ಪದ ಬಿಡಿಸುವುದಿದ್ದರೆ ಪದ್ಯದ ಕೆಳಗೆ ಬಿಡಿಸಬೇಕು, ಪದ್ಯದೊಳಗೆ ಅಲ್ಲ.

ನಾಲ್ಕನೆಯ ಸಾಲಿನ ಮೊತ್ತ 17. ಇಲ್ಲಿ ಒಂದು ಎಚ್ಚರ ಹೇಳಬೇಕು. ಮೊತ್ತ ನೋಡದೆ ನೇರವಾಗಿ ಗಣ ಕತ್ತರಿಸಲು ಕುಳಿತವರು ಈ ಸಾಲಿನಲ್ಲಿ ಮೂರು ಗಣಗಳವರೆಗೆ ಮೋಸಹೋಗುತ್ತಾರೆ. ದದ ನಡು, ವಣ ನಾ ಆದ ಮೇಲೆ ಮೂರನೆಯ ತುಂಡು ಡೆ ಕನ್ನ ಆಗುತ್ತದೆ. ಅದು ∪–∪, ಜಗಣ, ಅದೂ ಸರಿಯಾಗಿ ಆರನೆಯ ಜಾಗದಲ್ಲಿ! ಎಲ್ಲ ನಿಯಮವೂ ಪಾಲನೆಯಾದಂತೆ ಕಂಡು, ಮುಂದೆ ಡದತಿ ಎಂಬ ಮೂರು ಲಘುಗಳ ಬಳಿಕ ರುಳ್ ಅಡ್ಡಬಂದು ಮುಗ್ಗರಿಸುತ್ತದೆ. ಅದಕ್ಕೇ ಮೊದಲು ಕೂಡಿಸಿ, ಆಮೇಲೆ ಕತ್ತರಿಸಿ ಎಂದದ್ದು. ಮೂರು ಮಾತ್ರೆ ಕಡಿಮೆ ಎಂದರೆ ಒತ್ತೋ ದೀರ್ಘವೋ ಬಿದ್ದುಹೋದದ್ದಲ್ಲ, ಒಂದು ಪದವೇ ಹೋಗಿದೆ. ನಾಡೆ ಎಂಬುದಕ್ಕೆ ಸರಿಯಾಗಿ ಮೂರು ಮಾತ್ರೆ. ಮೊದಲನೆಯ ನಾಡೆ ಎಂದರೆ ನಾಡೇ, ಎರಡನೆಯದಕ್ಕೆ ವಿಶೇಷವಾಗಿ, ಚೆನ್ನಾಗಿ ಎಂಬ ಅರ್ಥ. ಅವಳಿಯಂತೆ ಕಾಣುವ ಎರಡು ಬೇರೆ ಬೇರೆ ಪದಗಳು ಅವು. ಹುಡುಗನ ಕೈಯಿಂದಲೇ ಎರಡನೆಯ ನಾಡೆಯನ್ನು ಮತ್ತೆ ಟೈಪ್ ಮಾಡಿಸಿದೆ.

ಲೆಕ್ಕಕ್ಕೆ ಸಿಗದವು

ಮಾತ್ರೆಯ ಲೆಕ್ಕ ಎಲ್ಲ ತಪ್ಪನ್ನೂ ಹಿಡಿಯುತ್ತದೆ ಎಂದುಕೊಳ್ಳಬೇಡಿ. ಪುಲಿಗೆರೆಯ ಬದಲು ಹುಲಿಗೆರೆ ಎಂದು ಬರೆದಿದ್ದರೆ ಪ್ರಸ್ತಾರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಪು ಲಘು, ಹು ಲಘು. ಹಳಗನ್ನಡದ ಪಕಾರ ಅಲ್ಲಿ ಇರಬೇಕೆಂದು ಹೇಳುವುದು ಭಾಷೆಯ ತಿಳಿವಳಿಕೆ. ಒಂದು ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಿ, ಅದೇ ಸಾಲಿನಲ್ಲಿ ಇನ್ನೊಂದು ಕಡೆ ಒಂದು ಕಡಿಮೆಯಾದರೂ ಮೊತ್ತ ಸುಮ್ಮನಿರುತ್ತದೆ. ಆಗ ಗಣದ ಗೆರೆಗಳು ಹಿಡಿದುಕೊಟ್ಟರೆ ಹಿಡಿದುಕೊಟ್ಟಾವು.

ಒತ್ತಿನ ನಿಯಮಕ್ಕೂ ಸಡಿಲಿಕೆ ಇದೆ. ಹಳಗನ್ನಡದ ಅಮರ್ದು ಮುಂತಾದ ಕೆಲವು ಪದಗಳಲ್ಲಿ ಒತ್ತನ್ನು ತೇಲಿಸಿ ಉಚ್ಚರಿಸುತ್ತಿದ್ದರು, ಹಾಗಾಗಿ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ವ್ಯಾಕರಣದವರು ಇದಕ್ಕೆ ಶಿಥಿಲದ್ವಿತ್ವ ಎನ್ನುತ್ತಾರೆ. ಲೆಕ್ಕದಲ್ಲಿ ಒಂದೇ ಒಂದು ಮಾತ್ರೆ ಹೆಚ್ಚಾಗಿ, ಆ ಸಾಲಿನಲ್ಲಿ ರಕಾರ ಳಕಾರಗಳ ಜೊತೆಗಿನ ಇಂಥ ಒತ್ತು ಕಂಡರೆ ಅದರ ಮೇಲೆ ಅನುಮಾನ ಇಡಿ. ಆದರೆ ಲೆಕ್ಕ ತಪ್ಪಿದ ಕಡೆಯೆಲ್ಲ ಶಿಥಿಲದ್ವಿತ್ವ ಎಂದು ಹೇಳಿ ತಪ್ಪಿಸಿಕೊಳ್ಳುವ ಚಾಳಿ ಒಳ್ಳೆಯದಲ್ಲ, ನನಗೂ ಅದು ಕೆಲಕಾಲ ಅಂಟಿತ್ತು.

ಇನ್ನೊಂದು ಸಡಿಲಿಕೆ ಪದಗಳ ಗಡಿಯಲ್ಲಿ. ಮುಂದಿನ ಪದ ಒತ್ತಕ್ಷರದಿಂದಲೇ ಶುರುವಾದರೆ ಹಿಂದಿನ ಪದದ ಕೊನೆಯ ಹ್ರಸ್ವ ಗುರುವಾಗಬೇಕೇ? ಕನ್ನಡ ಕವಿಗಳು ಎರಡೂ ಬಗೆಯಲ್ಲಿ ನಡೆದಿದ್ದಾರೆ. ರಾಯಚೂರು ಜಿಲ್ಲೆಯ ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರದ ಮೊದಲ ಪದ್ಯದ ಮೊದಲ ಎರಡು ಸಾಲುಗಳನ್ನು ನೋಡಿ. ಅದು ಭಾಮಿನಿ ಷಟ್ಪದಿ, ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ:

ಶ್ರೀರ | ಮಣಿಕರ | ಕಮಲ | ಪೂಜಿತ
ಚಾರು | ಚರಣಸ | ರೋಜ | ಬ್ರಹ್ಮಸ

ಸರೋಜದ ಜಕಾರದ ಮುಂದೆ ಬ್ರ ಇದೆ. ನಿಯಮವನ್ನು ಕಣ್ಣುಮುಚ್ಚಿ ಹಾಕಿದರೆ ಜ ಗುರುವಾಗಿ ಸಾಲು 15 ಮಾತ್ರೆ ಆಗುತ್ತದೆ, ಮೂರು ಮಾತ್ರೆಯ ಗಣ ನಾಲ್ಕಾಗುತ್ತದೆ. ದಾಸರ ನಡೆಯಲ್ಲಿ ಅದು ಲಘು: ರೋಜ ಮೂರು, ಬ್ರಹ್ಮಸ ನಾಲ್ಕು, ಮೇಲಿನ ಸಾಲಿನಂತೆಯೇ 14. ಬ್ರಹ್ಮದ ಬ್ರ ಮಾತ್ರ ಮುಂದಿನ ಹ್ಮ ಒತ್ತಿನಿಂದ ಗುರು. ಹೀಗೆ ಶಿಥಿಲದ್ವಿತ್ವ ಬಿಟ್ಟರೆ ಪದದ ಒಳಗಿನ ಒತ್ತಿಗೆ ವಿನಾಯಿತಿ ಇಲ್ಲ, ಗಡಿಯ ಒತ್ತಿಗೆ ಉಂಟು. ಗಡಿಯಲ್ಲಿ ಒತ್ತು ಕಂಡಾಗ ಪೆನ್ಸಿಲಿನಲ್ಲಿ ಎರಡೂ ಗುರುತು ಹಾಕಿಟ್ಟುಕೊಂಡು, ಉಳಿದ ಸಾಲು ಎಣಿಸಿದ ಮೇಲೆ ಒಂದನ್ನು ಅಳಿಸಿ.

ಒಂದು ಮಾತು, ಎಣಿಸುವಾಗ ಹಾಡಬೇಡಿ. ದಾಸರ ಪದವನ್ನೋ ಬಯಲಾಟದ ಪದವನ್ನೋ ಕೇಳಿ ಬೆಳೆದ ನಮ್ಮ ಭಾಗದವರಿಗೆ ಪದ್ಯ ಕಂಡ ಕೂಡಲೇ ರಾಗ ಎಳೆಯುವ ಅಭ್ಯಾಸ. ರಾಗದಲ್ಲಿ ಲಘುವೂ ನಾಲ್ಕು ಮಾತ್ರೆ ಉದ್ದಕ್ಕೆ ಹೋಗುತ್ತದೆ. ಪ್ರಸ್ತಾರಕ್ಕೆ ಮಾತನಾಡುವಂತೆ ಓದಬೇಕು.

ನೀವೇ ಒಂದು ಹಾಕಿ ನೋಡಿ

ಅದೇ ಕವಿರಾಜಮಾರ್ಗದಲ್ಲಿ ಈ ಪದ್ಯದ ಹಿಂದೆಯೇ ಇರುವ ಇನ್ನೊಂದು ಕಂದ ಎಲ್ಲರ ಬಾಯಲ್ಲೂ ಇದೆ:

ಕಾವೇರಿಯಿಂದಮಾ ಗೋ
ದಾವರಿವರಮಿರ್ದ ನಾಡದಾ ಕನ್ನಡದೊಳ್
ಭಾವಿಸಿದ ಜನಪದಂ ವಸು
ಧಾವಳಯವಿಲೀನವಿಶದವಿಷಯವಿಶೇಷಂ

ಮುಂದಿನದನ್ನು ಓದುವ ಮೊದಲು ಹಾಳೆಯಲ್ಲಿ ಬಿಡಿಸಿ. ಮೊದಲ ಸಾಲಿನ ಎರಡನೆಯ ಗಣ ರಿಯಿಂದ, ಅದು ಜಗಣ. ಎರಡನೆಯದು ಸಮ ಜಾಗ, ತಕರಾರಿಲ್ಲ. ಎರಡನೆಯ ಸಾಲಿನಲ್ಲಿ ಮಿರ್ದ ಇದೆ. ಅರ್ಕಾವತ್ತು ತೇಲಿಸುವ ಜಾತಿಯದೋ ಎಂದು ಅನುಮಾನ ಬಂದರೆ ಎರಡೂ ಬಗೆಯಲ್ಲಿ ಎಣಿಸಿ. ಮಿ ಲಘು ಎಂದರೆ ಸಾಲು 19 ಆಗುತ್ತದೆ, ಗುರು ಎಂದರೆ 20. ಲೆಕ್ಕವೇ ತೀರ್ಪು ಕೊಟ್ಟಿತು, ಅಲ್ಲಿ ಒತ್ತು ಗಟ್ಟಿ. ಆರನೆಯ ಗಣ ದ ನಾಡ, ಮತ್ತೆ ಜಗಣ. ದೊಳ್ ಗುರುವಾಗಿ ಅರ್ಧ ಮುಗಿಯಿತು.

ಮೂರನೆಯ ಸಾಲಿನ ಕೊನೆಯಲ್ಲಿ ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಜನ ತಪ್ಪುತ್ತಾರೆ. ಸಾಲಿನ ಕೊನೆಯ ಅಕ್ಷರ ಲಘುವಾಗಿದ್ದರೂ ಗುರು ಎಂದು ಎಣಿಸಬಹುದು ಎಂಬ ಮಾತನ್ನು ಶಾಲೆಯಲ್ಲಿ ಕೇಳಿರುತ್ತಾರೆ, ಹಾಗಾಗಿ ವಸು ಎಂಬುದರ ಸುಕಾರಕ್ಕೆ ಎರಡು ಮಾತ್ರೆ ಕೊಟ್ಟುಬಿಡುತ್ತಾರೆ. ಮೊತ್ತ 13 ಆಗಿ ತಲೆ ಕೆರೆದುಕೊಳ್ಳುತ್ತಾರೆ. ಆ ರಿಯಾಯಿತಿ ಉಸಿರು ನಿಲ್ಲುವ ಜಾಗಕ್ಕೆ. ಇಲ್ಲಿ ಉಸಿರು ನಿಲ್ಲುವುದಿಲ್ಲ, ವಸುಧಾ ಎಂಬ ಒಂದೇ ಪದ ಸಾಲು ದಾಟಿ ಹರಿದಿದೆ. ಸು ಲಘುವೇ. ಭಾವಿಸಿ, ದ ಜನಪ, ದಂ ವಸು, ಹನ್ನೆರಡು.

ನಾಲ್ಕನೆಯ ಸಾಲಿನಲ್ಲಿ ಒತ್ತು ಒಂದೂ ಇಲ್ಲ. ಧಾವಳ, ಯವಿಲೀ, ನವಿಶದ, ವಿಷಯವಿ, ಶೇಷಂ. ಆರನೆಯ ಗಣ ನವಿಶದ, ನಾಲ್ಕೂ ಲಘು. ಅದರ ಬೆನ್ನಿಗೇ ವಿಷಯವಿ, ಅಲ್ಲಿಯೂ ನಾಲ್ಕು. ಎಂಟು ಲಘುಗಳು ಸಾಲುಗಟ್ಟಿ ಓಡಿ ಬಂದು ಶೇಷಂ ಎಂಬ ಎರಡು ಗುರುಗಳ ಮೇಲೆ ನಿಲ್ಲುತ್ತವೆ. ಒಂದು ಸಲ ಬಾಯಿಬಿಟ್ಟು ಓದಿ, ಆ ಓಟವೂ ಆ ನಿಲುಗಡೆಯೂ ಕಿವಿಗೆ ಬೀಳುತ್ತವೆ.